ಕಾಂಪೌಂಡಿಗೆ ಸ್ಲೈಡಿಂಗ್ ಗೇಟ್: ಟ್ರ್ಯಾಕಿನ ಪಾಯದಿಂದ ಗೈಡ್ ಕಂಬದವರೆಗೆ

ಸ್ಲೈಡಿಂಗ್ ಗೇಟ್ ಬಿಗಿಯಾಯಿತು ಅಂದರೆ ನಾವೆಲ್ಲ ಮೊದಲು ಬೈಯುವುದು ಚಕ್ರವನ್ನು. ನಾನೂ ಹಾಗೇ ಮಾಡಿದ್ದೆ. ನಮ್ಮ ಮನೆಯ ಮೊದಲ ಗೇಟಿಗೆ ಎರಡು ವರ್ಷದಲ್ಲಿ ಮೂರು ಸಲ ಚಕ್ರ ಬದಲಾಯಿಸಿದೆ. ಪ್ರತಿ ಸಲ ಒಂದೆರಡು ತಿಂಗಳು ಚೆನ್ನಾಗಿ ಓಡುತ್ತಿತ್ತು, ಆಮೇಲೆ ಮತ್ತೆ ಕಿರ್ರ್ ಎನ್ನುತ್ತಿತ್ತು. ಕೊನೆಗೆ ಒಂದು ದಿನ ಟ್ರ್ಯಾಕಿನ ಈ ತುದಿಯಿಂದ ಆ ತುದಿಗೆ ದಾರ ಕಟ್ಟಿ ನೋಡಿದೆ. ಕಾರಿನ ಟೈರು ಹಾಯುವ ಎರಡು ಜಾಗದಲ್ಲಿ ಟ್ರ್ಯಾಕ್ 14 ಮಿಮೀ ಕುಸಿದಿತ್ತು. ಗೇಟ್ ಪ್ರತಿ ಸಲ ಹಳ್ಳಕ್ಕಿಳಿದು ಹತ್ತುತ್ತಿತ್ತು. ಚಕ್ರದ ತಪ್ಪೇನೂ ಇರಲಿಲ್ಲ. ಮೊದಲೇ ಹಾಕಿದ್ದ ನೆಲಹಾಸಿನ ಮೇಲೆ ಎಲ್ ಆಕಾರದ ಕಬ್ಬಿಣದ ಆ್ಯಂಗಲ್ ಇಟ್ಟು ಬೋಲ್ಟ್ ಹೊಡೆದಿದ್ದರು, ಕೆಳಗೆ ಪಾಯವೇ ಇರಲಿಲ್ಲ.

ಅದನ್ನು ಕಿತ್ತು ಎರಡನೇ ಸಲ ಮಾಡಿಸಿದ ರೀತಿಯನ್ನೇ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ 4 ಮೀಟರ್ ಅಗಲದ ದಾರಿ, 1.5 ಮೀಟರ್ ಎತ್ತರದ ಕಬ್ಬಿಣದ ಗೇಟ್, ಕೈಯಲ್ಲಿ ತಳ್ಳುವಂಥದ್ದು. ನಿಮ್ಮ ಅಳತೆ ಬೇರೆ ಇದ್ದರೆ ಲೆಕ್ಕ ಹಾಕುವ ಕ್ರಮ ಇದೇ.

ಮೊದಲು ಗೋಡೆಯ ಉದ್ದ ಅಳೆಯಿರಿ

ಗೇಟ್ ದಾರಿಯಷ್ಟೇ ಉದ್ದ ಇದ್ದರೆ ಸಾಲದು. ಮುಚ್ಚಿದಾಗ ಮುಂದಿನ ಕಂಬದ ಹಿಂದೆ 100 ಮಿಮೀ ಒಳಸೇರಬೇಕು, ಇಲ್ಲದಿದ್ದರೆ ಸಂದು ಕಾಣುತ್ತದೆ, ಕೊಂಡಿಗೆ ಹಿಡಿತವೂ ಇರುವುದಿಲ್ಲ. ಹಿಂದಿನ ಕಡೆ ಇನ್ನೂ ಜಾಸ್ತಿ ಬೇಕು. ಮುಚ್ಚಿದ ಸ್ಥಿತಿಯಲ್ಲೂ ಗೇಟಿನ ಬಾಲ, ಗೇಟ್ ಬೀಳದಂತೆ ಹಿಡಿಯುವ ಎರಡು ಗೈಡ್ ಕಂಬಗಳಲ್ಲೂ ಸಿಕ್ಕಿಕೊಂಡೇ ಇರಬೇಕಲ್ವಾ? ಅದಕ್ಕೆ ನಾನು 500 ಮಿಮೀ ಬಿಟ್ಟೆ. ಹಾಗಾಗಿ ಗೇಟಿನ ಉದ್ದ 100, 4000, 500 ಸೇರಿ 4600 ಮಿಮೀ ಆಯಿತು.

ಪೂರ್ತಿ ತೆರೆದಾಗ ಈ 4600 ಮಿಮೀ ದಾರಿಯ ಅಂಚಿನಿಂದ ಹಿಂದಕ್ಕೆ ನಿಲ್ಲಬೇಕು. ಹಿಂದಿನ ಸ್ಟಾಪರ್ ಮತ್ತು ಕೈಯಾಡಲು 300 ಮಿಮೀ ಸೇರಿಸಿದರೆ ಗೋಡೆಯ ಪಕ್ಕ 4.9 ಮೀಟರ್ ಖಾಲಿ ಜಾಗ ಬೇಕಾಗುತ್ತದೆ. ಅಲ್ಲಿ ನೀರಿನ ಸಂಪಿನ ಮುಚ್ಚಳ, ಗಿಡ, ನಲ್ಲಿಯ ಪೈಪು, ಮೀಟರ್ ಪೆಟ್ಟಿಗೆ ಏನೂ ಇರಬಾರದು. ಗೋಡೆ ಅಷ್ಟು ಉದ್ದ ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ. ಮಡಚುವ ಗೇಟೋ ಎರಡು ರೆಕ್ಕೆಯ ಗೇಟೋ ನೋಡಿ. ಟ್ರ್ಯಾಕಿನ ಒಟ್ಟು ಉದ್ದ ಮುಂದಿನ 100, ದಾರಿಯ 4000, ಹಿಂದಿನ 4600 ಸೇರಿ 8700 ಮಿಮೀ.

ಇಲ್ಲೇ ಹಿಡಿಯ ಬಗ್ಗೆ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಎಲ್ಲರಿಗೂ ಕೊನೆಯಲ್ಲೇ ನೆನಪಾಗುತ್ತದೆ. ಗೇಟ್ ಗೋಡೆಯ ಒಳಮಗ್ಗುಲಿಗೆ ಸರಿಯುತ್ತದೆ. ಹೊರಗಡೆ ಉಬ್ಬಿದ ಹಿಡಿ ಹಾಕಿದರೆ ಅದು ಕಂಬಕ್ಕೆ ಬಡಿದು ಗೇಟ್ ಅಲ್ಲೇ ನಿಲ್ಲುತ್ತದೆ. ಒಳಗಡೆಯ ಹಿಡಿ ಗೈಡ್ ಕಂಬಕ್ಕೆ ಬಡಿಯುತ್ತದೆ, ಹಿಡಿದ ಕೈಯೂ ಜೊತೆಗೇ ಜಜ್ಜುತ್ತದೆ. ಒಂದೋ ಗೇಟಿನೊಳಗೇ ತಗ್ಗಿದ ಹಿಡಿ ಮಾಡಿಸಿ, ಅಥವಾ ಗೇಟ್ 250 ಮಿಮೀ ಮೊದಲೇ ನಿಲ್ಲುವಂತೆ ಸ್ಟಾಪರ್ ಹಾಕಿ. ಎರಡನೆಯದಾದರೆ ದಾರಿ ಅಷ್ಟು ಕಿರಿದಾಗುತ್ತದೆ. ನಾನು ತಗ್ಗಿದ ಹಿಡಿಯನ್ನೇ ಆರಿಸಿಕೊಂಡೆ.

ತೂಕದ ಲೆಕ್ಕ

ಚಕ್ರ ಕೊಳ್ಳುವ ಮೊದಲು ತೂಕ ಗೊತ್ತಿರಬೇಕು. ಅಂದಾಜಲ್ಲ, ಲೆಕ್ಕ. ಮೇಲಿನ ಪಟ್ಟಿ, ಎರಡು ಕೊನೆಯ ನಿಲುವು, ನಡುವಿನ ಮೂರು ನಿಲುವು ಸೇರಿ ಸುಮಾರು 12 ಮೀಟರ್ ಪೈಪು. 50×50 ಮಿಮೀ, 3 ಮಿಮೀ ದಪ್ಪದ ಚೌಕ ಪೈಪು ಮೀಟರಿಗೆ ನಾಲ್ಕೂಕಾಲು ಕೆಜಿ ತೂಗುತ್ತದೆ, ಅಂದರೆ 51 ಕೆಜಿ. ಕೆಳಗಿನ ಪಟ್ಟಿಗೆ ನಾನು 100×50 ಪೈಪು ಹಾಕಿಸಿದೆ, ಯಾಕೆಂದರೆ ಗೇಟಿನ ಭಾರವೆಲ್ಲ ಅದರ ಮೇಲೇ ಕೂರುವುದು. ಅದು ಸುಮಾರು 31 ಕೆಜಿ. ತಗಡು 1.5 ಮಿಮೀ. 1 ಮಿಮೀ ದಪ್ಪದ ಕಬ್ಬಿಣದ ತಗಡು ಚದರ ಮೀಟರಿಗೆ 7.85 ಕೆಜಿ ಇರುತ್ತದೆ. ನಮ್ಮದು 6.9 ಚದರ ಮೀಟರ್, ಹಾಗಾಗಿ 81 ಕೆಜಿ. ಒಟ್ಟು 163. ಚಕ್ರ, ಕೊಂಡಿ, ಬಣ್ಣ ಎಲ್ಲ ಸೇರಿ 170 ಅನ್ನಿ.

ಚಕ್ರ ಎರಡೇ ಸಾಕು. ಒಂದೊಂದಕ್ಕೆ 85 ಕೆಜಿ ಬೀಳುತ್ತದೆ. ಆದರೂ ಒಂದೊಂದು ಚಕ್ರವೂ ಇಡೀ ಗೇಟಿನ ತೂಕ ಹೊರುವಂಥದ್ದಿರಲಿ. ಗೇಟ್ ಕಲ್ಲಿನ ಮೇಲೆ ಹಾರಿದಾಗ, ಸ್ಟಾಪರಿಗೆ ಬಡಿದಾಗ ಭಾರ ಕ್ಷಣಕಾಲ ಒಂದೇ ಕಡೆ ಬೀಳುತ್ತದೆ. ನಾನು ತಂದದ್ದು 100 ಮಿಮೀ ವ್ಯಾಸದ, ವಿ ಆಕಾರದ ತೋಡಿರುವ, ಎರಡು ಬೇರಿಂಗಿನ, 200 ಕೆಜಿ ತಾಳುವ ಚಕ್ರ.

ಮೂರನೇ ಚಕ್ರ ಹಾಕಿದರೆ ಭಾರ ಹಂಚುತ್ತದೆ ಅಂತ ವೆಲ್ಡಿಂಗಿನವರು ಹೇಳಬಹುದು. ಬೇಡ ಅನ್ನಿ. ಎರಡು ಚಕ್ರ ಎಂಥಾ ಟ್ರ್ಯಾಕಿನ ಮೇಲೂ ಎರಡೂ ಕೂರುತ್ತವೆ. ನಡುವೆ ಮೂರನೆಯದು ಬಂದರೆ ಒಂದೋ ಅದು ಗಾಳಿಯಲ್ಲಿ ತೇಲುತ್ತದೆ, ಇಲ್ಲವೇ ಅದೇ ಭಾರ ಹೊತ್ತು ಕೊನೆಯ ಚಕ್ರವೊಂದನ್ನು ಟ್ರ್ಯಾಕಿನಿಂದ ಎತ್ತಿಬಿಡುತ್ತದೆ. ಗೇಟ್ ನಡುವೆ ಜೋಲುತ್ತದೆ ಅಂತ ಭಯವಿದ್ದರೆ ಕೆಳಗಿನ ಪಟ್ಟಿಯನ್ನು ಇನ್ನೂ ದಪ್ಪ ಮಾಡಿ.

ಪಾಯ

ಮೊದಲು ಗೆರೆ. ಕಾಂಪೌಂಡಿನ ಒಳಮೈಯಲ್ಲಿ ಎಲ್ಲಕ್ಕಿಂತ ಹೊರಗೆ ಚಾಚಿದ ಜಾಗ ಹುಡುಕಿ. ಸಾಮಾನ್ಯವಾಗಿ ಅದು ಗೇಟಿನ ಕಂಬ, ಇಲ್ಲವೇ ಪ್ಲಾಸ್ಟರಿನ ಉಬ್ಬು. ಅಲ್ಲಿಂದ 100 ಮಿಮೀ ಒಳಕ್ಕೆ ಟ್ರ್ಯಾಕಿನ ನಡುಗೆರೆ. ಗೇಟಿನ ಅರ್ಧ ದಪ್ಪ 25 ಕಳೆದರೆ ಗೋಡೆಗೂ ಗೇಟಿಗೂ 75 ಮಿಮೀ ಸಂದು ಉಳಿಯುತ್ತದೆ. ಗೋಡೆಗೆ ಹತ್ತಿರ ಇದ್ದಷ್ಟೂ ಚೆಂದ ಅಂತ ಕಾಣುತ್ತದೆ, ಆದರೆ ನಮ್ಮ ಗೋಡೆಗಳು ಎಲ್ಲಿ ನೆಟ್ಟಗಿರುತ್ತವೆ? ದಾರವನ್ನು ಎರಡು ಗೂಟಕ್ಕೆ ಬಿಗಿಯಾಗಿ ಎಳೆದು ಕಟ್ಟಿ. ಕೆಲಸ ಮುಗಿಯುವವರೆಗೂ ಆ ಗೂಟ ಅಲುಗಬಾರದು.

ಗುಂಡಿಯ ಅಗಲ 300 ಮಿಮೀ, ಗೋಡೆಯ ಮೈಯಿಂದ ಶುರು. ಟ್ರ್ಯಾಕ್ ಇದರ ಸರಿ ನಡುವೆ ಬರುವುದಿಲ್ಲ, 50 ಮಿಮೀ ಪಕ್ಕಕ್ಕಿರುತ್ತದೆ. ಇಷ್ಟು ಭಾರಕ್ಕೆ ಅದರಿಂದ ತೊಂದರೆಯಿಲ್ಲ. ಆಳ 400 ಮಿಮೀ. ಅಗೆಯುವಾಗ ಗೋಡೆಯ ಪಾಯದ ಕಲ್ಲು ಅಡ್ಡ ಬಂದರೆ ಅದನ್ನು ಒಡೆಯಬೇಡಿ, ಟ್ರ್ಯಾಕನ್ನೇ ಒಳಕ್ಕೆ ತನ್ನಿ. ಗುಂಡಿಯ ತಳ ಗಟ್ಟಿ ಮಣ್ಣಾಗಿರಬೇಕು. ತುಂಬಿದ ಮಣ್ಣು ಸಿಕ್ಕರೆ ಗಟ್ಟಿ ಸಿಗುವವರೆಗೆ ಇಳಿದು, ಅಷ್ಟನ್ನೂ ಜಲ್ಲಿ ಹಾಕಿ ದಮ್ಮಸು ಹೊಡೆಯಿರಿ. ಎರೆಮಣ್ಣಾದರೆ ಇನ್ನೂ ಎಚ್ಚರ. ಅದು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. ಅದನ್ನು ತೆಗೆದು ಬೇರೆ ಗಟ್ಟಿ ಮಣ್ಣು ತುಂಬದೆ ಮೇಲೆ ಎಂಥಾ ಕಾಂಕ್ರೀಟ್ ಹಾಕಿದರೂ ಟ್ರ್ಯಾಕ್ ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ.

ಗೈಡ್ ಕಂಬ ಬರುವ ಕಡೆ ಗುಂಡಿಯನ್ನು ಒಳಕ್ಕೆ ಹಿಗ್ಗಿಸಬೇಕು. ದಾರಿಯ ಅಂಚಿನಿಂದ ಹಿಂದಕ್ಕೆ 800 ಮಿಮೀ ಉದ್ದ, 600 ಅಗಲ, 700 ಆಳ. ಎರಡೂ ಕಂಬ ಈ ಒಂದೇ ಗಡ್ಡೆಯಲ್ಲಿ ನಿಲ್ಲುತ್ತವೆ. ಇಷ್ಟು ಅಗೆದು ಗೋಡೆಯ ಪಕ್ಕ ವಾರಗಟ್ಟಲೆ ತೆರೆದಿಡಬೇಡಿ. ಮುಂದೆ ಎಂದಾದರೂ ಮೋಟರ್ ಹಾಕುವ ಯೋಚನೆ ಇದ್ದರೆ ಈಗಲೇ ಒಂದು ಖಾಲಿ ವೈರಿಂಗ್ ಪೈಪು ಹೂತುಬಿಡಿ.

ತಳಕ್ಕೆ 75 ಮಿಮೀ ತೆಳು ಕಾಂಕ್ರೀಟ್. ಅದರ ಮೇಲೆ ಕಂಬಿ. 10 ಮಿಮೀ ಕಂಬಿ ನಾಲ್ಕು, ಎರಡು ಮೇಲೆ ಎರಡು ಕೆಳಗೆ, 200 ಮಿಮೀಗೊಂದು 8 ಮಿಮೀ ರಿಂಗ್. ಟ್ರ್ಯಾಕಿನ ಈ ತುದಿಯಿಂದ ಆ ತುದಿಯವರೆಗೆ ಇದು ಒಂದೇ ತೊಲೆ. ಕಾರು ಹಾಯುವ ಜಾಗದ ಭಾರವನ್ನು ಅಕ್ಕಪಕ್ಕದ ಮಣ್ಣಿಗೂ ಹಂಚುವುದು ಈ ಕಂಬಿಯ ಕೆಲಸ. ನನ್ನ ಹಳೆಯ ಟ್ರ್ಯಾಕಿನಲ್ಲಿ ಇಲ್ಲದೇ ಹೋದದ್ದು ಇದೇ.

ಈಗ ಇಡೀ ಕೆಲಸದ ಗುಟ್ಟು: ಕಾಂಕ್ರೀಟನ್ನು ಒಂದೇ ಸಲ ಹಾಕಬೇಡಿ. ಹಸಿ ಕಾಂಕ್ರೀಟಿನಲ್ಲಿ ಆ್ಯಂಗಲ್ ಒತ್ತಿ ಮಟ್ಟ ಮಾಡುತ್ತೇವೆ ಅಂತ ಹಲವರು ಹೊರಡುತ್ತಾರೆ. 8 ಮೀಟರ್ ಉದ್ದಕ್ಕೆ ಅದು ಆಗದ ಮಾತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ, ಅಷ್ಟರಲ್ಲಿ ಕಾಂಕ್ರೀಟ್ ಗಟ್ಟಿಯಾಗುತ್ತದೆ. ಎರಡು ಸಲ ಹಾಕಿ. ಮೊದಲ ಸಲ ಕೊನೆಯ ಮಟ್ಟಕ್ಕಿಂತ 60 ಮಿಮೀ ಕೆಳಗೇ ನಿಲ್ಲಿಸಿ. ಸಿಮೆಂಟ್ ಒಂದು, ಮರಳು ಒಂದೂವರೆ, ಜಲ್ಲಿ ಮೂರು, ಈ ಪ್ರಮಾಣ ಸಾಕು. ನೀರು ಜಾಸ್ತಿ ಹಾಕಿ ಪಾಯಸ ಮಾಡಬೇಡಿ.

ಹಸಿ ಇರುವಾಗಲೇ 500 ಮಿಮೀಗೊಂದರಂತೆ 12 ಮಿಮೀ ಕಂಬಿಯ ತುಂಡುಗಳನ್ನು ಜೋಡಿ ಜೋಡಿಯಾಗಿ ನೆಟ್ಟಗೆ ನಿಲ್ಲಿಸಿ. ಜೋಡಿಯ ನಡುವೆ 120 ಮಿಮೀ ಅಂತರ, ಟ್ರ್ಯಾಕಿನ ಗೆರೆ ಅದರ ನಡುವೆ ಹಾಯಬೇಕು. ನಮ್ಮ ಉದ್ದಕ್ಕೆ 18 ಜೋಡಿ ಬೇಕಾಯಿತು. ಗೈಡ್ ಕಂಬಗಳನ್ನೂ ಇದೇ ದಿನ ನಿಲ್ಲಿಸಿ, ಅದರ ವಿವರ ಮುಂದೆ ಬರುತ್ತದೆ. ಮೈಯನ್ನು ನುಣ್ಣಗೆ ಮಾಡಬೇಡಿ, ಒರಟಾಗಿ ಕೆರೆದು ಬಿಡಿ. ಮೇಲಿನ ಪದರ ಹಿಡಿದುಕೊಳ್ಳಲು ಅದು ಬೇಕು.

ಟ್ರ್ಯಾಕ್ ಕೂರಿಸುವುದು

ನಾನು ಬಳಸಿದ್ದು 50×50×6 ಮಿಮೀ ಆ್ಯಂಗಲ್, ಬೆನ್ನು ಮೇಲಾಗಿ, ಮನೆಯ ಮಾಡಿನ ಹಾಗೆ. ಬೆನ್ನು ಮೇಲಿದ್ದರೆ ಮಣ್ಣು, ಕಲ್ಲು ನಿಲ್ಲುವುದಿಲ್ಲ, ಜಾರಿ ಬೀಳುತ್ತದೆ. ತಗ್ಗಾದ ಚಾನೆಲ್ ನೆಲದ ಮಟ್ಟಕ್ಕೇ ಇರುತ್ತದೆ, ಎಡವುವ ಭಯವಿಲ್ಲ, ಆದರೆ ಅದನ್ನು ದಿನಾ ಗುಡಿಸಬೇಕು. ನನ್ನಿಂದ ಅದು ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು.

ಹೀಗೆ ಮಗುಚಿದ ಆ್ಯಂಗಲಿನ ಎತ್ತರ 35 ಮಿಮೀ ಬರುತ್ತದೆ. ಇದರಲ್ಲಿ 15 ಕಾಂಕ್ರೀಟಿನೊಳಗೆ, 20 ಹೊರಗೆ. ಚಕ್ರದ ತೋಡು ಸುಮಾರು 12 ಮಿಮೀ ಆಳವಿದ್ದರೆ ಚಕ್ರದ ಅಂಚಿಗೂ ಕಾಂಕ್ರೀಟಿಗೂ 8 ಮಿಮೀ ಉಳಿಯುತ್ತದೆ. ಸಣ್ಣ ಕಲ್ಲು ಬಿದ್ದರೂ ಹಾಯಬಹುದು. 20ಕ್ಕಿಂತ ಕಡಿಮೆ ಹೊರಗಿಟ್ಟರೆ ಚಕ್ರ ನೆಲ ಕೆರೆಯುತ್ತದೆ. ಜಾಸ್ತಿ ಇಟ್ಟರೆ ದ್ವಿಚಕ್ರ ವಾಹನ ಎಗರುತ್ತದೆ, ಮಕ್ಕಳು ಎಡವುತ್ತಾರೆ.

ಮೊದಲ ಕಾಂಕ್ರೀಟಿಗೆ ಮೂರು ದಿನವಾದ ಮೇಲೆ ಮಟ್ಟ ಹಿಡಿಯಿರಿ. ಇದಕ್ಕೆ ನೀರು ತುಂಬಿದ ಲೆವೆಲ್ ಪೈಪಿಗಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಒಂದು ಮೀಟರಿನ ರಸಮಟ್ಟವನ್ನು ಜರುಗಿಸುತ್ತಾ ಹೋದರೆ ಪ್ರತಿ ಸಲದ ಚೂರು ಚೂರು ತಪ್ಪು ಕೂಡುತ್ತಾ ಹೋಗುತ್ತದೆ, ಕೊನೆಗೆ ಎರಡು ಸೆಂಟಿಮೀಟರ್ ವ್ಯತ್ಯಾಸ ಬಂದರೂ ಆಶ್ಚರ್ಯವಿಲ್ಲ. ಪೈಪಿನಲ್ಲಿ ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಂಡು ಎರಡೂ ತುದಿಯ ಗೂಟಕ್ಕೆ ಒಂದೇ ಮಟ್ಟ ಗುರುತು ಮಾಡಿ, ದಾರ ಎಳೆಯಿರಿ. ಉದ್ದಕ್ಕೆ ದಾರ ನಡುವೆ ಜೋಲುತ್ತದೆ, ಆದ್ದರಿಂದ ನಡುವೆಯೂ ಒಂದು ಕಡೆ ಪೈಪಿನಿಂದ ಪರೀಕ್ಷಿಸಿ.

ಆ ದಾರದಿಂದ ಅಳೆದು ಪ್ರತಿ ಜೋಡಿ ಕಂಬಿಗೆ ಅಡ್ಡವಾಗಿ ಒಂದು ತುಂಡು ವೆಲ್ಡ್ ಮಾಡಿ. ಆ್ಯಂಗಲ್ ಕೂರುವುದು ಈ 18 ಅಡ್ಡತುಂಡುಗಳ ಮೇಲೆ. ಮೇಲೆ ಚಾಚಿದ ಕಂಬಿಯ ತಲೆಗಳನ್ನು ಕತ್ತರಿಸಿ. ಆ್ಯಂಗಲ್ ಇಟ್ಟು ಮೊದಲು ಚುಕ್ಕಿ ವೆಲ್ಡ್ ಮಾತ್ರ ಹಾಕಿಸಿ. ಮತ್ತೆ ದಾರ ನೋಡಿ, ಎತ್ತರ ಮತ್ತು ನೇರ ಎರಡನ್ನೂ. ತಪ್ಪಿದ್ದರೆ ಈಗ ಒಂದು ಸುತ್ತಿಗೆ ಏಟಿನಲ್ಲಿ ಬಿಡಿಸಬಹುದು, ಆಮೇಲೆ ಆಗುವುದಿಲ್ಲ. ಸರಿ ಅನಿಸಿದ ಮೇಲೆ ಪೂರ್ತಿ ವೆಲ್ಡ್. ಅದೂ ಒಂದು ತುದಿಯಿಂದ ಸಾಲಾಗಿ ಹೋಗಬಾರದು. ವೆಲ್ಡಿಂಗಿನ ಕಾವು ಆ್ಯಂಗಲನ್ನು ಬಿಲ್ಲಿನ ಹಾಗೆ ಬಾಗಿಸುತ್ತದೆ. ಎಡಕ್ಕೊಂದು ಬಲಕ್ಕೊಂದು, ಎರಡು ಜಾಗ ಬಿಟ್ಟು ಒಂದು, ಹೀಗೆ ಹೋಗಬೇಕು. ನಾನು ಪಕ್ಕದಲ್ಲೇ ನಿಂತು ಇದನ್ನು ಮಾಡಿಸಿದೆ, ವೆಲ್ಡಿಂಗ್ ಮಾಡುವವರಿಗೆ ಸ್ವಲ್ಪ ಬೇಜಾರಾಯಿತು.

ಎಷ್ಟು ತಪ್ಪು ಒಪ್ಪಬಹುದು? ಒಂದು ಮೀಟರಿನಲ್ಲಿ 2 ಮಿಮೀ, ಇಡೀ ಉದ್ದಕ್ಕೆ 5 ಮಿಮೀ. ಇದು ನಾನಿಟ್ಟುಕೊಂಡ ಮಿತಿ. ಇಳಿಜಾರು ನೂರಕ್ಕೆ ಒಂದರ ಹತ್ತಿರ ಬಂದರೆ, ಅಂದರೆ ನಾಲ್ಕು ಮೀಟರಿಗೆ 40 ಮಿಮೀ, ಒಳ್ಳೆಯ ಬೇರಿಂಗಿನ ಗೇಟ್ ತಾನಾಗಿಯೇ ಓಡಲು ಶುರು ಮಾಡಬಹುದು. ರಸ್ತೆ ಗೋಡೆಯ ಉದ್ದಕ್ಕೆ ಇಳಿಜಾರಿದ್ದರೂ ಟ್ರ್ಯಾಕ್ ಮಟ್ಟವಾಗಿಯೇ ಇರಬೇಕು. ನೆಲವನ್ನು ಟ್ರ್ಯಾಕಿಗೆ ಹೊಂದಿಸಿ, ಟ್ರ್ಯಾಕನ್ನು ನೆಲಕ್ಕಲ್ಲ.

ಆ್ಯಂಗಲ್ ಸಾಮಾನ್ಯವಾಗಿ 6 ಮೀಟರ್ ಉದ್ದಕ್ಕೆ ಸಿಗುತ್ತದೆ, ಒಂದು ಜೋಡಣೆ ಬಂದೇ ಬರುತ್ತದೆ. ಪೂರ್ತಿ ಉದ್ದದ ತುಂಡನ್ನು ಮುಂದಿನ ತುದಿಯಿಂದ ಶುರುಮಾಡಿ. ಆಗ ಜೋಡಣೆ ಗೋಡೆಯ ಪಕ್ಕಕ್ಕೆ ಬೀಳುತ್ತದೆ, ಕಾರು ಹಾಯುವ ಕಡೆ ಬರುವುದಿಲ್ಲ. ಮುಚ್ಚಿದಾಗಲೂ ತೆರೆದಾಗಲೂ ಚಕ್ರ ಅದರ ಮೇಲೆ ನಿಲ್ಲುವುದಿಲ್ಲ. ಬಿಸಿಲಿಗೆ ಹಿಗ್ಗುತ್ತದೆ, ಸಂದು ಬಿಡಬೇಕು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕಬ್ಬಿಣವೂ ಕಾಂಕ್ರೀಟೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ, ಹೂತ ಟ್ರ್ಯಾಕಿಗೆ ಸಂದು ಬೇಕಿಲ್ಲ. ಸಂದು ಬಿಟ್ಟರೆ ಪ್ರತಿ ಸಲ ಟಕ್ ಟಕ್ ಕೇಳಿಸುತ್ತದೆ, ಚಕ್ರಕ್ಕೂ ಏಟು. ಪೂರ್ತಿ ವೆಲ್ಡ್ ಮಾಡಿ, ಬೆನ್ನನ್ನು ಗ್ರೈಂಡ್ ಮಾಡಿಸಿ. ಬೆರಳು ಆಡಿಸಿದರೆ ಜೋಡಣೆ ಎಲ್ಲಿದೆ ಅಂತ ಗೊತ್ತಾಗಬಾರದು.

ಆಮೇಲೆ ಎರಡನೇ ಕಾಂಕ್ರೀಟ್, ಸಣ್ಣ ಜಲ್ಲಿಯದು. ಹಳೆಯ ಮೈಯನ್ನು ತೊಳೆದು, ಸಿಮೆಂಟ್ ಹಾಲು ಬಳಿದು, ಒಂದೇ ಪಕ್ಕದಿಂದ ಹಾಕುತ್ತಾ ಕಂಬಿಯಿಂದ ತಿವಿಯಿರಿ. ಆ್ಯಂಗಲಿನ ಹೊಟ್ಟೆಯ ಕೆಳಗೆ ಹಾಯ್ದು ಇನ್ನೊಂದು ಪಕ್ಕದಲ್ಲಿ ಉಕ್ಕಿ ಬರಬೇಕು. ಎರಡೂ ಪಕ್ಕದಿಂದ ಹಾಕಿದರೆ ನಡುವೆ ಗಾಳಿ ಸಿಕ್ಕಿಕೊಂಡು ಹೊಟ್ಟೆ ಟೊಳ್ಳಾಗಿಯೇ ಉಳಿಯುತ್ತದೆ. ಮರುದಿನ ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಿ. ತುಂಬಿದ ಕಡೆ ಸದ್ದು ಮೊಂಡಾಗಿರುತ್ತದೆ, ಟೊಳ್ಳಿದ್ದ ಕಡೆ ಠಣ್ ಎನ್ನುತ್ತದೆ. ಟೊಳ್ಳು ಜಾಗದಲ್ಲಿ ನೀರು ನಿಂತು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಕಾರಿನ ಟೈರಿಗೆ ಬೆನ್ನು ತಗ್ಗುತ್ತದೆ. ಅಂಥ ಕಡೆ ಪಕ್ಕದಲ್ಲಿ ಸ್ವಲ್ಪ ಕೆತ್ತಿ ತೆಳು ಗಾರೆ ಸುರಿಯಿರಿ.

ಮೇಲ್ಮೈ ಅಕ್ಕಪಕ್ಕದ ನೆಲಕ್ಕಿಂತ 10 ಮಿಮೀ ಎತ್ತರ ಇದ್ದರೆ ಮಣ್ಣು ಕೊಚ್ಚಿಕೊಂಡು ಬರುವುದಿಲ್ಲ. ಆದರೆ ಅದೇ ಅಂಗಳದ ನೀರಿಗೆ ಕಟ್ಟೆಯೂ ಆಗುತ್ತದೆ. ನೀರು ಗೇಟಿನ ಕಡೆಗೇ ಹರಿಯುತ್ತಿದ್ದರೆ ಟ್ರ್ಯಾಕಿನ ಒಳಪಕ್ಕ ಜಾಲರಿ ಮುಚ್ಚಿದ ಸಣ್ಣ ಮೋರಿ ಮಾಡಿ. ಕಾಂಕ್ರೀಟಿಗೆ ಏಳು ದಿನ ನೀರುಣಿಸಿ, ಅಲ್ಲಿಯವರೆಗೆ ಗೇಟ್ ಏರಿಸಬೇಡಿ. ಕಾರು ಹಾಯಿಸಲು ಎರಡು ವಾರ ಕಾಯಿರಿ.

ಗೈಡ್ ಕಂಬ ಮತ್ತು ಸ್ಟಾಪರ್

ಗೇಟಿನ ಭಾರ ಹೊರುವುದು ಟ್ರ್ಯಾಕ್. ಗೈಡಿನ ಕೆಲಸ ಗೇಟ್ ಬೀಳದಂತೆ ಹಿಡಿಯುವುದಷ್ಟೇ. ಅಷ್ಟೇ ಅಂದೆ, ಆದರೆ ಸಣ್ಣ ಕೆಲಸವಲ್ಲ. ಗಂಟೆಗೆ 90 ಕಿಮೀ ವೇಗದ ಗಾಳಿ 6.9 ಚದರ ಮೀಟರ್ ತಗಡಿಗೆ ಬಡಿದರೆ ಸುಮಾರು 260 ಕೆಜಿಯಷ್ಟು ಒತ್ತುತ್ತದೆ. ಇಟ್ಟಿಗೆಯ ಕಂಬಕ್ಕೆ ನಾಲ್ಕು ಬೋಲ್ಟ್ ಹೊಡೆದು ಗೈಡ್ ನೇತುಹಾಕಿದರೆ ಒಂದು ಮಳೆಗಾಲ ಕಳೆಯುವುದರಲ್ಲಿ ಬೋಲ್ಟಿನ ಸುತ್ತ ಬಿರುಕು ಬರುತ್ತದೆ. ಅದಕ್ಕೇ ಪ್ರತ್ಯೇಕ ಕಬ್ಬಿಣದ ಕಂಬ.

ಎರಡು ಕಂಬ, 75×75 ಮಿಮೀ, 4 ಮಿಮೀ ದಪ್ಪದ ಪೈಪು, ಉದ್ದ 2300 ಮಿಮೀ. ಇದರಲ್ಲಿ 650 ಕಾಂಕ್ರೀಟಿನೊಳಗೆ. ಮೊದಲನೆಯದರ ನಡು ದಾರಿಯ ಅಂಚಿನಿಂದ 100 ಮಿಮೀ ಹಿಂದೆ, ಎರಡನೆಯದು ಅದರಿಂದ 300 ಮಿಮೀ ಹಿಂದೆ. ಗೇಟ್ ಮುಚ್ಚಿದಾಗ ಬಾಲದ 100 ಮಿಮೀ ಎರಡನೇ ಕಂಬವನ್ನೂ ದಾಟಿ ಹಿಂದೆ ಇರುತ್ತದೆ. ಒಂದೇ ಕಂಬ ಇದ್ದರೆ ಅರ್ಧ ತೆರೆದ ಗೇಟ್ ಅದನ್ನೇ ತಿರುಗಣಿ ಮಾಡಿಕೊಂಡು ಅಲ್ಲಾಡುತ್ತದೆ. ಕಂಬಗಳು ಗೇಟಿನ ಒಳಪಕ್ಕಕ್ಕೆ, ಗೇಟಿನಿಂದ 35 ಮಿಮೀ ದೂರ. ತೂಗುಗುಂಡು ಬಿಟ್ಟು ಎರಡು ದಿಕ್ಕಿನಿಂದಲೂ ನೆಟ್ಟಗಿದೆಯಾ ನೋಡಿ. ಕಂಬದ ಬಾಯಿಗೆ ಮುಚ್ಚಳ ವೆಲ್ಡ್ ಮಾಡಿಸಿ, ಇಲ್ಲದಿದ್ದರೆ ಮಳೆನೀರು ಒಳಗಿಳಿದು ಬುಡದಲ್ಲಿ ತುಕ್ಕು ಹಿಡಿಯುತ್ತದೆ.

ಪ್ರತಿ ಕಂಬದ ತಲೆಯಿಂದ ಗೇಟಿನ ಮೇಲೆ ಚಾಚುವ 10 ಮಿಮೀ ದಪ್ಪದ ಪ್ಲೇಟ್. ಅದರಿಂದ ಕೆಳಕ್ಕೆ ಎರಡು ನೈಲಾನ್ ರೋಲರ್, ಮೇಲಿನ ಪಟ್ಟಿಯ ಆಚೆಗೊಂದು ಈಚೆಗೊಂದು. ಬೋಲ್ಟಿನ ತೂತು ಉದ್ದನೆಯದಾಗಿರಲಿ, ಆಮೇಲೆ ಸರಿಹೊಂದಿಸಲು ಬರುತ್ತದೆ. ಪ್ರತಿ ಪಕ್ಕ 2 ಮಿಮೀ ಸಂದು ಬಿಡಿ. ಪೂರ್ತಿ ಬಿಗಿ ಮಾಡಿದರೆ ಗೇಟಿನ ಪಟ್ಟಿ ಚೂರು ಬಾಗಿದ ಕಡೆಯಲ್ಲೆಲ್ಲ ಹಿಡಿಯುತ್ತದೆ. ಪ್ಲೇಟಿಗೂ ಗೇಟಿನ ತಲೆಗೂ 10 ಮಿಮೀ ಮಾತ್ರ ಇರಲಿ. ಆಗ ಹೊರಗಿನಿಂದ ಯಾರೂ ಗೇಟನ್ನು ಟ್ರ್ಯಾಕಿನಿಂದ ಎತ್ತಿ ತೆಗೆಯಲಾರರು.

ಸ್ಟಾಪರನ್ನು ಕೊನೆಗೆ ಹಾಕೋಣ ಅಂತ ಬಿಡುವುದೇ ಅಪಾಯ. ಗೇಟ್ ಕೈತಪ್ಪಿ ಮುಂದಕ್ಕೋಡಿದರೆ ಬಾಲ ಗೈಡಿನಿಂದ ಹೊರಬರುತ್ತದೆ. ಆಮೇಲೆ ಅದನ್ನು ಹಿಡಿಯುವುದು ಏನೂ ಇಲ್ಲ, 170 ಕೆಜಿ ಅಡ್ಡಬೀಳುತ್ತದೆ. ಕೆಳಗಿದ್ದವರ ಜೀವ ಹೋಗಬಹುದು. ಆದ್ದರಿಂದ ಗೇಟ್ ಟ್ರ್ಯಾಕಿಗೆ ಬರುವ ಮೊದಲೇ ಎರಡೂ ತುದಿಗೆ ಸ್ಟಾಪರ್ ಇರಬೇಕು. ಪಾಯದ ಕಂಬಿಗೇ ವೆಲ್ಡ್ ಮಾಡಿದ ದಪ್ಪ ಪ್ಲೇಟ್, ಮುಂದೆ ರಬ್ಬರ್ ತುಂಡು. ಅದು ತಡೆಯಬೇಕಾದದ್ದು ಗೇಟಿನ ಚೌಕಟ್ಟನ್ನು, ಚಕ್ರವನ್ನಲ್ಲ. ಇದರ ಜೊತೆಗೆ ಗೇಟಿನ ಬಾಲದಲ್ಲೇ ಒಂದು ಗಟ್ಟಿ ಕಿವಿ ವೆಲ್ಡ್ ಮಾಡಿಸಿದೆ. ನೆಲದ ಸ್ಟಾಪರ್ ಮುರಿದರೂ ಆ ಕಿವಿ ಎರಡನೇ ಗೈಡ್ ಕಂಬಕ್ಕೆ ಸಿಕ್ಕಿ ಗೇಟ್ ನಿಲ್ಲುತ್ತದೆ.

ಮುಂದಿನ ಕಂಬದ ಒಳಮೈಯಲ್ಲಿ ಗೇಟಿನ ಮೂತಿ ಹೋಗಿ ಕೂರಲು ಯು ಆಕಾರದ ಹಿಡಿ ಬೇಕು, ಬಾಯಿ ಸ್ವಲ್ಪ ಅಗಲವಾಗಿ. ಗಾಳಿ ಜಾಸ್ತಿ ಇರುವ ಜಾಗವಾದರೆ ಹಿಂದಿನ ತುದಿಯಲ್ಲೂ ಇಂಥದ್ದೊಂದನ್ನು ಹಾಕಿ. ತೆರೆದು ನಿಲ್ಲಿಸಿದಾಗ ನಾಲ್ಕು ಮೀಟರ್ ಗೇಟಿನ ಬಾಲ ಯಾವ ಹಿಡಿತವೂ ಇಲ್ಲದೆ ಇರುತ್ತದೆ.

ಗೇಟ್ ಏರಿಸುವುದು

ಗೇಟ್ ತಯಾರಾದಾಗ ಎರಡೂ ಮೂಲೆಗೆರೆ ಅಳೆಯಿರಿ. 4600 ಮತ್ತು 1500 ಇದ್ದರೆ ಎರಡೂ 4838 ಮಿಮೀ ಬರಬೇಕು. ಮೂರು ನಾಲ್ಕು ಮಿಮೀ ವ್ಯತ್ಯಾಸ ಪರವಾಗಿಲ್ಲ. ಚಕ್ರಗಳು ಎರಡೂ ತುದಿಯಿಂದ 400 ಮಿಮೀ ಒಳಗೆ, ವೆಲ್ಡ್ ಅಲ್ಲ, ಬೋಲ್ಟ್. ಮುಂದೆ ಬದಲಾಯಿಸುವುದಂತೂ ಇದ್ದೇ ಇದೆ. ಎರಡೂ ಚಕ್ರದ ತೋಡಿನಲ್ಲಿ ಒಂದೇ ದಾರ ಎಳೆದು ಕಟ್ಟಿ ನೋಡಿ. ದಾರ ಎರಡರಲ್ಲೂ ನಡುವೆ ಕೂರಬೇಕು. ಒಂದು ಚಕ್ರ ಓರೆಯಿದ್ದರೆ ಅದು ಟ್ರ್ಯಾಕಿನ ಒಂದೇ ಮಗ್ಗುಲನ್ನು ಉಜ್ಜುತ್ತದೆ.

ಗೇಟನ್ನು ನೇರವಾಗಿ ಎತ್ತಿ ಟ್ರ್ಯಾಕಿನ ಮೇಲೆ ಇಡಲು ನಾಲ್ಕೈದು ಜನ ಬೇಕು. ಎರಡೂ ಪಕ್ಕದಿಂದ ಮರದ ಊರುಗೋಲು ಕೊಟ್ಟು, ಮೇಲಿನ ಪ್ಲೇಟುಗಳನ್ನು ಬೋಲ್ಟ್ ಮಾಡಿ, ರೋಲರ್ ಕೂತ ಮೇಲಷ್ಟೇ ಗೋಲು ತೆಗೆಯಿರಿ. ಚಹಾ ಕುಡಿದು ಬಂದು ಗೈಡ್ ಹಾಕೋಣ ಅನ್ನುವ ಮಾತೇ ಬೇಡ.

ಈಗ ಪರೀಕ್ಷೆ. ಗೇಟನ್ನು ಐದಾರು ಕಡೆ ನಿಲ್ಲಿಸಿ ಕೈಬಿಡಿ. ಎಲ್ಲಿ ನಿಲ್ಲಿಸಿದಿರೋ ಅಲ್ಲೇ ನಿಲ್ಲಬೇಕು. ಆಮೇಲೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಮೆಲ್ಲಗೆ ಎಳೆಯಿರಿ. ನಮ್ಮ ತೂಕಕ್ಕೆ 3ರಿಂದ 5 ಕೆಜಿ ತೋರಿಸಿದರೆ ಕೆಲಸ ಚೆನ್ನಾಗಿದೆ. ಒಂದೇ ಜಾಗದಲ್ಲಿ ಮುಳ್ಳು 8, 10ಕ್ಕೆ ಏರಿದರೆ ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ. ಆಗ ಚಕ್ರ ಎಲ್ಲಿದೆ, ಗೈಡ್ ಗೇಟಿನ ಯಾವ ಭಾಗವನ್ನು ಹಿಡಿದಿದೆ, ಎರಡನ್ನೂ ನೋಡಿ. ರೋಲರ್ ಸಡಿಲಿಸಿ ಮತ್ತೆ ಎಳೆಯಿರಿ. ಮುಳ್ಳು ಇಳಿದರೆ ತಪ್ಪು ಮೇಲಿನ ಪಟ್ಟಿಯದು, ಸಾಮಾನ್ಯವಾಗಿ ಗ್ರೈಂಡ್ ಮಾಡದೆ ಬಿಟ್ಟ ವೆಲ್ಡಿಂಗ್ ಗಂಟು. ಇಳಿಯದಿದ್ದರೆ ತಪ್ಪು ಕೆಳಗೆ, ಟ್ರ್ಯಾಕಿನಲ್ಲಿ.

ಒಂದು ತಿಂಗಳು ಬಿಟ್ಟು ಟ್ರ್ಯಾಕಿನ ಬೆನ್ನನ್ನು ಬಗ್ಗಿ ನೋಡಿ. ಚಕ್ರ ಓಡಿದ ಜಾಗ ಎರಡೂ ಮಗ್ಗುಲಲ್ಲಿ ಒಂದೇ ಥರ ಹೊಳೆಯುತ್ತಿರಬೇಕು. ಒಂದೇ ಮಗ್ಗುಲು ಹೊಳೆಯುತ್ತಿದ್ದು, ಕೆಳಗೆ ಕಪ್ಪು ಪುಡಿ ಉದುರಿದ್ದರೆ ಚಕ್ರ ಓರೆಯಾಗಿದೆ, ಇಲ್ಲವೇ ಗೈಡ್ ಗೇಟನ್ನು ಒಂದು ಕಡೆಗೆ ವಾಲಿಸಿದೆ. ಮೊದಲು ರೋಲರನ್ನು ಉದ್ದ ತೂತಿನಲ್ಲಿ ಎರಡು ಮಿಮೀ ಜರುಗಿಸಿ ಗೇಟನ್ನು ನೆಟ್ಟಗೆ ಮಾಡಿ, ಒಂದು ವಾರ ಬಿಟ್ಟು ನೋಡಿ. ಆಮೇಲೂ ಪುಡಿ ಬಿದ್ದರೆ ಚಕ್ರದ ಬೋಲ್ಟ್ ಬಿಚ್ಚಿ. ಟ್ರ್ಯಾಕಿಗೆ ಗ್ರೀಸ್ ಮಾತ್ರ ಹಚ್ಚಬೇಡಿ, ಅದು ಮರಳನ್ನು ಹಿಡಿದುಕೊಂಡು ಅರದ ಹಾಗೆ ಚಕ್ರವನ್ನು ತಿನ್ನುತ್ತದೆ.